ಪೋಸ್ಟರ್‌ನಲ್ಲಿ ಫಲಿತಾಂಶಕ್ಕೆ ನಾಲ್ಕೇ ಸಾಲು: ಯಾವ ಅಂಕಿ ಇಡೋದು, ಯಾವುದು ಬಿಡೋದು?

ಕೇಳಿದವರು: ನರ್ಸಿಂಗ್ ವಿದ್ಯಾರ್ಥಿನಿ, ಬಾಗಲಕೋಟೆ

ಎಂಎಸ್ಸಿ ನರ್ಸಿಂಗ್ ಮಾಡುತ್ತಿದ್ದೇನೆ. ಬೆಳಗಾವಿಯಲ್ಲಿ ಒಂದು ಸಮ್ಮೇಳನಕ್ಕೆ ಕನ್ನಡದಲ್ಲಿ ಪೋಸ್ಟರ್ ಹಾಕಬೇಕು. ಡಾಕ್ಟರುಗಳ ಜೊತೆ ಆಶಾ ಕಾರ್ಯಕರ್ತೆಯರೂ ಬರುತ್ತಾರೆ. ಫಲಿತಾಂಶಕ್ಕೆ ನಾಲ್ಕು ಸಾಲಿನ ಜಾಗ ಮಾತ್ರ ಇದೆ.

ಒಂದು ಪಿಎಚ್‌ಸಿಯಲ್ಲಿ ಆಶಾ ಅಕ್ಕಂದಿರು ಬಸುರಿಯರಿಗೆ ವಾರಕ್ಕೊಮ್ಮೆ ಫೋನ್ ಮಾಡಿ ಕಬ್ಬಿಣದ ಮಾತ್ರೆ ನೆನಪಿಸಿದರು. ಇನ್ನೊಂದು ಪಿಎಚ್‌ಸಿಯಲ್ಲಿ ಎಂದಿನಂತೆ ನಡೆಯಿತು. ತಲಾ 80 ಜನ. ಮೂರು ತಿಂಗಳ ನಂತರ ಫೋನ್ ಕಡೆ ಸರಾಸರಿ ಹಿಮೋಗ್ಲೋಬಿನ್ 10.9, ಇನ್ನೊಂದು ಕಡೆ 10.4. p = 0.012. ರಕ್ತಹೀನತೆ, ಅಂದರೆ 11ಕ್ಕಿಂತ ಕಡಿಮೆ ಇದ್ದವರು, ಫೋನ್ ಕಡೆ 38, ಇನ್ನೊಂದು ಕಡೆ 52. ಆಡ್ಸ್ ರೇಶಿಯೋ 0.49, p = 0.026. ಇದಲ್ಲದೆ ಆರು ಟೇಬಲ್ ಇವೆ. ಯಾವುದನ್ನು ಇಡಲಿ? (ಕಾಲೇಜಿನ ಅಂಕಿ ಹೊರಗೆ ಹಾಕಬಾರದು ಅಂತ ಇಲ್ಲಿ ಸ್ವಲ್ಪ ಬದಲಿಸಿ ಬರೆದಿದ್ದೇನೆ.)

ಎಂಪಿಎಚ್ ಮುಗಿಸಿದವರು, ಬೆಳಗಾವಿ

ತಂಗಿ, ಒಂದೇ ವಿಷಯ ಇಡು. ಆರು ಟೇಬಲ್ ಮನೆಯಲ್ಲೇ ಬಿಡು. ಪೋಸ್ಟರ್ ಮುಂದೆ ಜನ ನಿಲ್ಲೋದೇ ಕಡಿಮೆ, ನಿಂತವರು ದೊಡ್ಡ ಅಕ್ಷರದ ಒಂದು ಸಾಲು ಓದಿ ಮುಂದೆ ಹೋಗುತ್ತಾರೆ. ನಿನ್ನ ಬಳಿ ಒಳ್ಳೆಯ ಸಾಲು ಆಗಲೇ ಇದೆ. ಆಡ್ಸ್ ರೇಶಿಯೋ 0.49 ಅಂದರೆ ಹೆಚ್ಚುಕಡಿಮೆ ಅರ್ಧ. "ವಾರಕ್ಕೊಂದು ಫೋನ್: ರಕ್ತಹೀನತೆ ಅರ್ಧಕ್ಕೆ ಇಳಿಕೆ" ಅಂತ ಮೇಲೆ ಹಾಕು. ಕೆಳಗೆ p = 0.026 ಸಾಕು. ಆಶಾದವರಿಗೂ ಅರ್ಥವಾಗುತ್ತದೆ, ಡಾಕ್ಟರಿಗೂ ಅರ್ಥವಾಗುತ್ತದೆ.

ದಾಳಿಂಬೆ ಸಂಶೋಧನೆ ಮಾಡುವವರು, ವಿಜಯಪುರ

ಮೇಡಂ, ಕನ್ನಡ ಪೋಸ್ಟರ್ ಅಂದಿರಲ್ಲ, ಪ್ರಿಂಟ್ ಬಗ್ಗೆ ಹುಷಾರಾಗಿರಿ. ನಾನು ರೋಗದ ಪೋಸ್ಟರನ್ನು ನುಡಿಯಲ್ಲಿ ಟೈಪ್ ಮಾಡಿ ಫ್ಲೆಕ್ಸ್ ಅಂಗಡಿಗೆ ಕೊಟ್ಟಿದ್ದೆ. ಅಲ್ಲಿ ಫಾಂಟ್ ಬದಲಾಗಿ "<" ಗುರುತು ಇದ್ದ ಕಡೆ ಯಾವುದೋ ಒತ್ತಕ್ಷರ ಬಂದಿತ್ತು. p < 0.05 ಅನ್ನೋದನ್ನು ಯಾರೂ ಓದುವ ಹಾಗಿರಲಿಲ್ಲ. ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿಯೇ ಕೊಡಿ. ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರ ಸಾಕಾಗುತ್ತದೆ. ಹೊಳೆಯುವ ಫ್ಲೆಕ್ಸ್ ಬೇಡ, ಲೈಟ್ ಬಿದ್ದರೆ ಏನೂ ಕಾಣೋದಿಲ್ಲ.

ಕೇಳಿದವರು

ಥ್ಯಾಂಕ್ಸ್ ಸರ್, ಪಿಡಿಎಫ್ ಮಾಡಿಸುತ್ತೇನೆ. ನನಗೆ ಗೊಂದಲ ಇರೋದು ಸಾಲುಗಳ ಬಗ್ಗೆ. "ಅರ್ಧಕ್ಕೆ ಇಳಿಕೆ" ಚೆನ್ನಾಗಿದೆ, ಗೈಡ್‌ಗೂ ಹಿಡಿಸಬಹುದು. ಹಾಕಬಹುದಾ?

ಸಂಖ್ಯಾಶಾಸ್ತ್ರ ಕಲಿಸುವವರು, ವಿಜಯಪುರ

ದಯವಿಟ್ಟು ಹಾಕಬೇಡಮ್ಮಾ. ಒಂದೇ ವಿಷಯ ಇಡಬೇಕು ಅಂತ ಮೇಲಿನವರು ಹೇಳಿದ್ದು ಪೂರ್ತಿ ಸರಿ. ಆದರೆ ಆ ವಿಷಯ "ಅರ್ಧ" ಅಲ್ಲ.

ನಿನ್ನ ಅಂಕಿಯನ್ನೇ ನೋಡು. ಎಂದಿನ ಕಡೆ 80ರಲ್ಲಿ 52, ಅಂದರೆ ಶೇ. 65. ಫೋನ್ ಕಡೆ 80ರಲ್ಲಿ 38, ಅಂದರೆ ಶೇ. 47.5. 65ರ ಅರ್ಧ 32.5. ನೀನು ಅದರ ಹತ್ತಿರಕ್ಕೂ ಬಂದಿಲ್ಲ. 47.5ನ್ನು 65ರಿಂದ ಭಾಗಿಸಿದರೆ 0.73 ಬರುತ್ತದೆ. ಅಂದರೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಕಡಿಮೆ, ಅಷ್ಟೇ.

ಹಾಗಾದರೆ 0.49 ಎಲ್ಲಿಂದ ಬಂತು? ಆಡ್ಸ್ ರೇಶಿಯೋ ರಕ್ತಹೀನತೆ ಇದ್ದವರನ್ನು ಒಟ್ಟು ಜನರ ಜೊತೆ ಹೋಲಿಸುವುದಿಲ್ಲ, ಇಲ್ಲದವರ ಜೊತೆ ಹೋಲಿಸುತ್ತದೆ. ಫೋನ್ ಕಡೆ 38 ಜನರಿಗೆ ಇದೆ, 42 ಜನರಿಗೆ ಇಲ್ಲ. ಇನ್ನೊಂದು ಕಡೆ 52 ಜನರಿಗೆ ಇದೆ, 28 ಜನರಿಗೆ ಇಲ್ಲ. 38/42 ಅನ್ನು 52/28ರಿಂದ ಭಾಗಿಸಿದರೆ 0.49. ಲೆಕ್ಕ ಸರಿಯಾಗಿಯೇ ಇದೆ. ಕಾಯಿಲೆ ಅಪರೂಪದ್ದಾಗಿದ್ದರೆ, ಸಾವಿರಕ್ಕೆ ನಾಲ್ಕೈದು ಜನರಿಗೆ ಬರುವಂಥದ್ದಾಗಿದ್ದರೆ, "ಇಲ್ಲದವರು" ಮತ್ತು "ಒಟ್ಟು ಜನ" ಹೆಚ್ಚುಕಡಿಮೆ ಒಂದೇ. ಆಗ ಎರಡೂ ಅನುಪಾತ ಒಂದೇ ತರಹ ಕಾಣುತ್ತವೆ. ನಮ್ಮ ಕಡೆ ಬಸುರಿಯರಲ್ಲಿ ರಕ್ತಹೀನತೆ ಅಪರೂಪ ಅಲ್ವಲ್ಲ. ಅರ್ಧ ಜನರಿಗೆ ಇರುವ ಸಮಸ್ಯೆಗೆ ಆಡ್ಸ್ ರೇಶಿಯೋ ಹಾಕಿದರೆ ಪರಿಣಾಮ ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪೇಪರ್‌ನಲ್ಲಿ ಪಕ್ಕದಲ್ಲೇ ಟೇಬಲ್ ಇರುತ್ತದೆ, ಓದುವವರು ತಾಳೆ ನೋಡಬಹುದು. ಪೋಸ್ಟರ್‌ನಲ್ಲಿ ಆ ಅವಕಾಶವೇ ಇಲ್ಲ. ಅದಕ್ಕೇ ಅದನ್ನು ಅಲ್ಲಿಂದ ತೆಗೆದುಬಿಡು.

ತಲೆ ಎಣಿಕೆಯನ್ನೇ ಬರೆ: "80ರಲ್ಲಿ 52, 80ರಲ್ಲಿ 38." ಇದನ್ನು ಆಶಾ ಕಾರ್ಯಕರ್ತೆಯೂ ಓದುತ್ತಾಳೆ, ಪ್ರೊಫೆಸರೂ ಓದುತ್ತಾರೆ. ಮುಂದೆ ಶೇಕಡಾ ಹಾಕಿದರೆ ಒಂದು ದಶಮಾಂಶ ಸಾಕು. 80 ಜನರಲ್ಲಿ ಒಬ್ಬಳು ಅತ್ತಿತ್ತ ಆದರೆ ಶೇ. 1.25 ಬದಲಾಗುತ್ತದೆ, ಎರಡನೇ ದಶಮಾಂಶಕ್ಕೆ ಅಲ್ಲಿ ಬೆಲೆಯೇ ಇಲ್ಲ. ಹಾಗಂತ ಒಂದು ಕಡೆ ದುಂಡಾಗಿಸಿ 48 ಅಂತ ಹಾಕಿ, ವ್ಯತ್ಯಾಸ ಮಾತ್ರ 17.5 ಅಂತ ಬರೆಯಬೇಡ. 65ರಿಂದ 48 ಕಳೆದರೆ 17 ತಾನೇ? ಯಾರಾದರೂ ನಿಂತು ಕಳೆದು ನೋಡಿಯೇ ನೋಡುತ್ತಾರೆ.

ಇನ್ನು p. ಅದು ಎಷ್ಟು ವ್ಯತ್ಯಾಸ ಅಂತ ಹೇಳೋದಿಲ್ಲ. ಅದರ ಬದಲು ವ್ಯತ್ಯಾಸದ 95% ಕಾನ್ಫಿಡೆನ್ಸ್ ಇಂಟರ್ವಲ್ ಹಾಕು. ನಿನ್ನ ಅಂಕಿಗೆ ಅದು ಶೇ. 2.4ರಿಂದ 32.6. ಎಷ್ಟು ಅಗಲ ನೋಡು! ನಿಜವಾದ ವ್ಯತ್ಯಾಸ ನೂರಕ್ಕೆ ಇಬ್ಬರೋ ಮೂವರೋ ಇರಬಹುದು, ನೂರಕ್ಕೆ ಮೂವತ್ತೂ ಇರಬಹುದು. p = 0.026 ಒಂದೇ ಹಾಕಿದರೆ ಈ ಅನಿಶ್ಚಿತತೆ ಯಾರಿಗೂ ಕಾಣೋದಿಲ್ಲ. ಓದುವವರಿಗೆ ಅದು ಕಾಣಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಎಂಪಿಎಚ್ ಮುಗಿಸಿದವರು, ಬೆಳಗಾವಿ

ಸರ್, ಆಡ್ಸ್ ರೇಶಿಯೋ ಬಗ್ಗೆ ಒಪ್ಪಿದೆ, 32.5ರ ಲೆಕ್ಕ ನೋಡಿದ ಮೇಲೆ ವಾದ ಮಾಡೋಕೆ ಏನೂ ಉಳಿದಿಲ್ಲ. ಆದರೆ ಇಂಟರ್ವಲ್ ಆಶಾದವರಿಗೆ ಬೇಕಾ? "2.4ರಿಂದ 32.6" ಅಂತ ನೋಡಿದರೆ ಅವರು "ಏನೂ ಗೊತ್ತಾಗಿಲ್ಲ ಇವರಿಗೆ" ಅಂದುಕೊಂಡು ಹೋಗುತ್ತಾರೆ. ಫೋನ್ ಮಾಡಿದ್ದು ಅವರೇ. ಅವರ ದುಡಿಮೆಯ ಫಲ ಅವರಿಗೆ ಸ್ಪಷ್ಟವಾಗಿ ಕಾಣಬೇಕಲ್ವಾ?

ಸಂಖ್ಯಾಶಾಸ್ತ್ರ ಕಲಿಸುವವರು, ವಿಜಯಪುರ

ದೊಡ್ಡ ಅಕ್ಷರದಲ್ಲಿ ತಲೆ ಎಣಿಕೆ, ಸಣ್ಣ ಅಕ್ಷರದಲ್ಲಿ ಇಂಟರ್ವಲ್ ಇಡಬಹುದು. ಪೂರ್ತಿ ಬಿಡೋದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಪಿಎಚ್‌ಸಿ ವೈದ್ಯಾಧಿಕಾರಿ, ಬಾಗಲಕೋಟೆ ಜಿಲ್ಲೆ

ನೀವೆಲ್ಲ ಅಂಕಿ ಬಂದ ಮೇಲಿನ ಮಾತು ಆಡುತ್ತಿದ್ದೀರಿ. ನನಗೆ ಅಂಕಿ ಹೇಗೆ ಬಂತು ಅಂತ ತಿಳಿಯಬೇಕು. ಎರಡೂ ಪಿಎಚ್‌ಸಿಯಲ್ಲಿ ಹಿಮೋಗ್ಲೋಬಿನ್ ನೋಡಿದ್ದು ಒಂದೇ ಮೀಟರಿನಲ್ಲಾ? ಒಂದು ಕಡೆ ಡಿಜಿಟಲ್, ಇನ್ನೊಂದು ಕಡೆ ಸಾಹ್ಲಿ ವಿಧಾನ ಆಗಿದ್ದರೆ 0.5 ವ್ಯತ್ಯಾಸ ಬರೀ ಅಳತೆಯದ್ದೇ ಇರಬಹುದು. ಸಾಹ್ಲಿಯಲ್ಲಿ ಬಣ್ಣ ಕಣ್ಣಿಂದ ಹೊಂದಿಸಿ ನೋಡೋದು. 10.8 ಇದ್ದದ್ದನ್ನು "11" ಅಂತ ಬರೆದುಬಿಡುವ ರೂಢಿಯೂ ಇದೆ. ನಿಮ್ಮ ಗೆರೆ ಸರಿಯಾಗಿ 11ರಲ್ಲೇ ಇದೆ. ಹಾಗೆ ದುಂಡಾಗಿಸಿದ ಪ್ರತಿ ಅಂಕಿಯೂ ಒಬ್ಬಳನ್ನು ರಕ್ತಹೀನತೆಯ ಪಟ್ಟಿಯಿಂದ ಹೊರಗೆ ಹಾಕುತ್ತದೆ.

ಕೇಳಿದವರು

ಸರ್, ಮೂರು ತಿಂಗಳ ನಂತರದ್ದು ಎರಡೂ ಕಡೆ ನಾನೇ ಒಂದೇ ಡಿಜಿಟಲ್ ಮೀಟರಿನಲ್ಲಿ ನೋಡಿದ್ದು, ದಶಮಾಂಶ ಸಮೇತ ಬರೆದಿದ್ದೇನೆ. ಶುರುವಿನ ಅಂಕಿ ಮಾತ್ರ ತಾಯಿ ಕಾರ್ಡ್‌ನಿಂದ ಬರೆದುಕೊಂಡದ್ದು. ಅದು ಎರಡೂ ಕಡೆ ಸುಮಾರು 10.1 ಇತ್ತು. "ಫೋನ್ ಕಡೆ 0.8 ಏರಿಕೆ, ಇನ್ನೊಂದು ಕಡೆ 0.3 ಏರಿಕೆ" ಅಂತಲೂ ಒಂದು ಸಾಲು ಹಾಕೋಣ ಅಂದುಕೊಂಡಿದ್ದೆ.

ಪಿಎಚ್‌ಸಿ ವೈದ್ಯಾಧಿಕಾರಿ, ಬಾಗಲಕೋಟೆ ಜಿಲ್ಲೆ

ಆ ಏರಿಕೆಯ ಸಾಲು ಬೇಡ. ಕಾರ್ಡಿನ ಅಂಕಿ ಯಾರು, ಯಾವುದರಲ್ಲಿ, ಹೇಗೆ ನೋಡಿದ್ದೋ ನಿಮಗೆ ಗೊತ್ತಿಲ್ಲ. ನಿಮ್ಮ ಮೀಟರಿನ ಅಂಕಿಯಿಂದ ಅದನ್ನು ಕಳೆದರೆ ಬರೋದು ಏರಿಕೆಯೂ ಹೌದು, ಅಳತೆಯ ಬದಲಾವಣೆಯೂ ಹೌದು. ಮೂರು ತಿಂಗಳ ನಂತರದ್ದನ್ನು ಮಾತ್ರ ಹೋಲಿಸಿ. ಅದು ನೀವು ನಿಂತು ಅಳೆದದ್ದು.

ಸಂಖ್ಯಾಶಾಸ್ತ್ರ ಕಲಿಸುವವರು, ವಿಜಯಪುರ

ಡಾಕ್ಟರ್ ಮಾತು ಬಹಳ ಸರಿ. ಇದೇ ದಾರಿಯಲ್ಲಿ ಇನ್ನೂ ಒಂದು ಇದೆ, ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ಅದೇ. ಫೋನ್ ಮಾಡಿದ್ದು ಒಂದು ಪಿಎಚ್‌ಸಿ, ಮಾಡದೇ ಇದ್ದದ್ದು ಒಂದು ಪಿಎಚ್‌ಸಿ. ಆ ಒಂದು ಕಡೆ ಮಾತ್ರೆ ಸರಿಯಾಗಿ ಸರಬರಾಜು ಆಗಿರಬಹುದು, ನರ್ಸ್ ಚುರುಕಾಗಿರಬಹುದು, ಊರಿನ ಊಟವೇ ಬೇರೆ ಇರಬಹುದು. ಫೋನಿನ ಪಾಲು ಎಷ್ಟು, ಪಿಎಚ್‌ಸಿಯ ಪಾಲು ಎಷ್ಟು ಅಂತ ಈ 160 ಜನರ ಅಂಕಿಯಿಂದ ಬಿಡಿಸಲು ಆಗೋದಿಲ್ಲ. ಎಸ್‌ಪಿಎಸ್‌ಎಸ್‌ನಲ್ಲಿ ಯಾವ ಬಟನ್ ಒತ್ತಿದರೂ ಆಗೋದಿಲ್ಲ. ಮೇಲೆ ನಾನು ಕೊಟ್ಟ ಇಂಟರ್ವಲ್ ಕೂಡ 160 ಜನರೂ ಬಿಡಿಬಿಡಿಯಾಗಿ ಆಯ್ಕೆಯಾದವರು ಅಂತ ಹಿಡಿದು ಮಾಡಿದ್ದು. ಹಾಗಾಗಿ ನಿಜದ ಅನಿಶ್ಚಿತತೆ ಅದಕ್ಕಿಂತಲೂ ಅಗಲ.

ನಾಲ್ಕು ಸಾಲಿನಲ್ಲಿ ಇದನ್ನು ಹೇಳುವ ದಾರಿ ಕ್ರಿಯಾಪದದಲ್ಲಿದೆ. "ಫೋನಿನಿಂದ ರಕ್ತಹೀನತೆ ಇಳಿಯಿತು" ಅಂತ ಬರೆದರೆ ಕಾರಣ ಹೇಳಿದ ಹಾಗೆ. "ಫೋನ್ ಮಾಡಿದ ಪಿಎಚ್‌ಸಿಯಲ್ಲಿ ರಕ್ತಹೀನತೆ ಕಡಿಮೆ ಕಂಡಿತು" ಅಂತ ಬರೆದರೆ ನೋಡಿದ್ದನ್ನು ಹೇಳಿದ ಹಾಗೆ. ಎರಡೂ ಒಂದೊಂದೇ ಸಾಲು, ಜಾಗದ ನೆಪ ಹೇಳುವ ಹಾಗಿಲ್ಲ.

ಎಂಪಿಎಚ್ ಮುಗಿಸಿದವರು, ಬೆಳಗಾವಿ

ಪೇಪರ್‌ಗೆ ಸರಿ ಸರ್. ಆದರೆ ಪೋಸ್ಟರ್ ತಲೆಬರಹದಲ್ಲಿ "ಕಂಡಿತು" ಅಂದರೆ ಸಪ್ಪೆ. ಗೈಡ್ ಒಪ್ಪೋದು ಕಷ್ಟ.

ಕೇಳಿದವರು

ಎಲ್ಲರ ಮಾತು ಸೇರಿಸಿ ಹೀಗೆ ಬರೆದಿದ್ದೇನೆ, ನೋಡಿ:

> ವಾರಕ್ಕೊಮ್ಮೆ ಆಶಾ ಫೋನ್ ಮಾಡಿದ ಪಿಎಚ್‌ಸಿಯಲ್ಲಿ 80 ಬಸುರಿಯರಲ್ಲಿ 38 ಮಂದಿಗೆ ರಕ್ತಹೀನತೆ; ಫೋನ್ ಇಲ್ಲದ ಕಡೆ 80ರಲ್ಲಿ 52.
> ವ್ಯತ್ಯಾಸ: ನೂರಕ್ಕೆ 17.5 (95% ಇಂಟರ್ವಲ್ 2.4ರಿಂದ 32.6; p = 0.026).
> ಸರಾಸರಿ ಹಿಮೋಗ್ಲೋಬಿನ್ 10.9 ± 1.2, ಇನ್ನೊಂದು ಕಡೆ 10.4 ± 1.3.
> ಪ್ರತಿ ಕಡೆ ಒಂದೇ ಪಿಎಚ್‌ಸಿ ಇದ್ದುದರಿಂದ ಇದು ಫೋನಿನದೇ ಫಲ ಎನ್ನಲಾಗದು.

ಸಂಖ್ಯಾಶಾಸ್ತ್ರ ಕಲಿಸುವವರು, ವಿಜಯಪುರ

ಬಹಳ ಚೆನ್ನಾಗಿದೆ. ಮೂರನೇ ಸಾಲು ಒಂದೇ ತಿದ್ದು. ± ಮುಂದಿನ 1.2 ಏನು ಅಂತ ಓದುವವರಿಗೆ ಗೊತ್ತಾಗೋದಿಲ್ಲ. ಅದು ಜನರ ನಡುವಿನ ಹರಡು, ಎಸ್‌ಡಿ. ಕೆಲವರು ಅದೇ ಜಾಗದಲ್ಲಿ ಸರಾಸರಿಯ ಅನಿಶ್ಚಿತತೆ ಹೇಳುವ ಎಸ್‌ಇ ಹಾಕುತ್ತಾರೆ. ನಿನ್ನ ಅಂಕಿಗೆ ಎಸ್‌ಇ 0.13ರ ಹತ್ತಿರ ಬರುತ್ತದೆ, ಒಂಬತ್ತು ಪಟ್ಟು ಸಣ್ಣದು. ± ತೆಗೆದು "ವ್ಯತ್ಯಾಸ 0.5, ಇಂಟರ್ವಲ್ 0.1ರಿಂದ 0.9" ಅಂತ ಹಾಕು. ಮುಂದೆ ಗ್ರಾಂ/ಡೆಸಿಲೀಟರ್ ಬರೆ.

ಪಿಎಚ್‌ಸಿ ವೈದ್ಯಾಧಿಕಾರಿ, ಬಾಗಲಕೋಟೆ ಜಿಲ್ಲೆ

ಜಾಗ ಸಾಲದಿದ್ದರೆ ನಾನು ಆ ಮೂರನೇ ಸಾಲನ್ನೇ ಬಿಡುತ್ತಿದ್ದೆ. 11ರ ಗೆರೆ ಮತ್ತು ಯಾವ ಮೀಟರ್ ಅನ್ನೋದು ಅದರ ಜಾಗಕ್ಕೆ ಬರಲಿ. ನಾನು ಪೋಸ್ಟರ್ ಮುಂದೆ ನಿಂತರೆ ಕೇಳುವ ಮೊದಲ ಪ್ರಶ್ನೆ ಅದೇ.

ಕೇಳಿದವರು

ಮೂರನೇ ಸಾಲು ಬಿಡುವುದಾ, ತಿದ್ದುವುದಾ ಅಂತ ಇನ್ನೂ ಯೋಚಿಸುತ್ತಿದ್ದೇನೆ. ನಾಲ್ಕನೇ ಸಾಲನ್ನು ಗೈಡ್ ತೆಗೆಯಲು ಹೇಳಿದರೆ ಏನು ಮಾಡಲಿ ಸರ್?

ಸಂಖ್ಯಾಶಾಸ್ತ್ರ ಕಲಿಸುವವರು, ವಿಜಯಪುರ

ಇಂಟರ್ವಲ್ ಬೇಕಾದರೆ ಸಣ್ಣ ಅಕ್ಷರಕ್ಕೆ ಹೋಗಲಿ, ಮೂರನೇ ಸಾಲು ಪೂರ್ತಿ ಹೋಗಲಿ. ನಾಲ್ಕನೇ ಸಾಲಿಗೆ ಮಾತ್ರ ಹಟ ಹಿಡಿ. "ಪರೀಕ್ಷಕರು ಮೊದಲು ಕೇಳೋದೇ ಇದನ್ನು, ನಾವೇ ಬರೆದಿದ್ದರೆ ಉತ್ತರ ಸಿದ್ಧವಿದ್ದ ಹಾಗೆ" ಅಂತ ಗೈಡ್‌ಗೆ ಹೇಳಿ ನೋಡು.