ಕಿಲೋಮೀಟರ್ ಲೆಕ್ಕದ ಕಾರು ವಿಮೆ: 5,000 ಸಾಕೇನ್ರಿ?

ಶಿಕ್ಷಕಿ, ಕಲಬುರಗಿ: ನಮ್ಮದು 1197 ಸಿಸಿ ಪೆಟ್ರೋಲ್ ಕಾರು. ಶಾಲಿಗೆ ಹೋಗಿ ಬರೋದು ದಿನಕ್ಕ 6 ಕಿ.ಮೀ., ತಿಂಗಳಿಗೊಮ್ಮಿ ಬೀದರ್‌ಗೆ ತವರಿಗೆ. ಏಜೆಂಟರು ವರ್ಷಕ್ಕ 5,000 ಕಿ.ಮೀ. ಮಿತಿ ಇರೋ ಪಾಲಿಸಿ ಅಗ್ಗ ಅದ ಅಂತಾರ. ತಗೋಬಹುದೇನ್ರಿ? ಕಿ.ಮೀ. ಹೆಂಗ ಅಳೀತಾರ?

ವಿಮಾ ಸರ್ವೇಯರ್: ಮೊದಲು ವರ್ಷದ ಓಟ ಕೂಡಿಸ್ರಿ ಮೇಡಂ. ಶಾಲಿ 220 ದಿನ ಅಂದ್ರ 1,320. ಬೀದರ್ ಹೋಗಿ ಬರೋದು ಸುಮಾರು 220, ಹನ್ನೆರಡು ಸಲಕ್ಕ 2,640. ಊರೊಳಗಿನ ತಿರುಗಾಟ ವಾರಕ್ಕ 15 ಹಿಡಿದ್ರ 780. ಒಟ್ಟು 4,740 ಆತು. ಒಮ್ಮಿ ಹೈದರಾಬಾದ್‌ಗೆ ಹೋಗಿ ಬಂದ್ರ 5,000 ದಾಟೇ ಬಿಡ್ತದ.

ಇನ್ನ ಉಳಿತಾಯ. ರಿಯಾಯಿತಿ ಸಿಗೋದು ಸ್ವಂತ ಹಾನಿ, ಅಂದ್ರ ಓಡಿ ಪ್ರೀಮಿಯಂ ಮ್ಯಾಲ ಅಷ್ಟೇ. ಥರ್ಡ್ ಪಾರ್ಟಿ ದರ ಸರ್ಕಾರದ್ದು. 2022ರ ಜೂನ್‌ನಾಗ ಬಂದ ಪಟ್ಟಿಯೊಳಗ ನಿಮ್ಮ ಸಿಸಿಗೆ 3,416 ರೂ. ಕಾರು ಮನಿ ಮುಂದ ನಿಂತಿದ್ರೂ ಅದು ಕರಗಂಗಿಲ್ಲ. ನಿಮ್ಮ ಓಡಿ 5,000 ರೂ. ಅಂತ ಇಟ್ಕೊಳ್ರಿ. 5,000 ಕಿ.ಮೀ.ಗೆ ನೂರಕ್ಕ 20, 7,500ಕ್ಕ ನೂರಕ್ಕ 10 ಬಿಟ್ರು ಅಂದ್ರ, ಎರಡರ ನಡುವಿನ ಅಂತರ ಜಿಎಸ್‌ಟಿ ಸೇರಿ 590 ರೂಪಾಯಿ. ಅಷ್ಟಕ್ಕ ಕ್ಲೇಮ್ ಕಳಕೊಳ್ಳೋ ಭಯ ಬ್ಯಾಡ, 7,500 ತಗೋರಿ. ಹಳೇ ಕಾರಾಗಿ ಓಡಿ 2,000ಕ್ಕ ಇಳಿದಿದ್ರ ಈ ಗೊಡವಿನೇ ಬ್ಯಾಡ.

ಅಳತಿ ಮೂರು ತರ: ಓಡೋಮೀಟರ್ ಫೋಟೊ ಇಲ್ಲಾ ವಿಡಿಯೊ, ಸ್ಟೇರಿಂಗ್ ಕೆಳಗಿನ ಪೋರ್ಟ್‌ಗೆ ಸಿಗಸೋ ಉಪಕರಣ, ಮೊಬೈಲ್ ಆ್ಯಪ್. ಫೋಟೊ ಆದ್ರ ಪಾಲಿಸಿ ಸುರುವಾಗೋ ದಿನ ಇಗ್ನಿಷನ್ ಹಾಕಿ, ಒಟ್ಟು ಓಟದ ಅಂಕಿ ಕಾಣೋಹಂಗ ತಗೀರಿ. ಬಾಳ ಮಂದಿ ಟ್ರಿಪ್ ಮೀಟರ್ ತಗದು ಕಳಸ್ತಾರ, ಕ್ಲೇಮ್‌ನಾಗ ಅಂಕಿ ಕೂಡಂಗಿಲ್ಲ. ನಾವು ಸರ್ವಿಸ್ ದಾಖಲಿಗೂ ತಾಳಿ ನೋಡ್ತೀವಿ. ಮೀಟರ್ ಬದಲಾಸಿದ್ರ ಹಳೇ-ಹೊಸ ಎರಡೂ ಅಂಕಿ ಇರೋ ಜಾಬ್ ಕಾರ್ಡ್ ಇಟ್ಕೊಂಡು, ಕಂಪನಿಗೆ ಆವಾಗೇ ತಿಳಸ್ರಿ.

ಸೆಕೆಂಡ್ ಹ್ಯಾಂಡ್ ಕಾರು ವ್ಯಾಪಾರಿ, ಹುಮನಾಬಾದ್: ಕಿ.ಮೀ. ಮುಗೀತಂದ್ರ ಇನ್ಶೂರೆನ್ಸೇ ಮುಗೀತು. ಪೊಲೀಸರು ಹಿಡದ್ರ ದಂಡ ಕಟ್ಟಬೇಕು.

ವಿಮಾ ಸರ್ವೇಯರ್: ಅರ್ಧ ಖರೆ ಅದರಿ. ಥರ್ಡ್ ಪಾರ್ಟಿ ವರ್ಷಪೂರ್ತಿ ನಡೀತದ, ಹಂಗಾಗಿ ದಂಡದ ಮಾತಿಲ್ಲ. ಪೆಟ್ಟು ಬೀಳೋದು ಸ್ವಂತ ಗಾಡಿ ರಿಪೇರಿಗೆ. ಕೆಲವು ಪಾಲಿಸಿಯೊಳಗ ಅದು ಪೂರಾ ನಿಂತಹೋಗ್ತದ, ಕೆಲವರಾಗ ಒಂದು ಭಾಗ ನಿಮ್ಮ ಕಿಸೆದಿಂದ. ವರ್ಷದ ಕೊನಿಗೆ ಓಟ ನೋಡಿ ರಿನ್ಯೂವಲ್‌ನಾಗ ರಿಯಾಯಿತಿ ಕೊಡೋವ್ರೂ ಅದಾರ. ಅಲ್ಲಿ ಈ ತಾಪತ್ರಯ ಇಲ್ಲ. ಹೆಚ್ಚಿನ ಕಿ.ಮೀ. ಕೊಳ್ಳೋ ಟಾಪ್-ಅಪ್ ಮಾತ್ರ ಮಿತಿ ಮುಟ್ಟೋಕ್ಕಿಂತ ಮೊದಲೇ ಹಾಕ್ರಿ. ಅಪಘಾತ ಆದ ಮ್ಯಾಲ ಹಾಕಿದ್ದು ಆ ಕ್ಲೇಮ್‌ಗೆ ಉಪಯೋಗ ಇಲ್ಲ.

ಬಾಡಿಗಿ ಗಾಡಿಯವರು, ಯಾದಗಿರಿ: ನಂದು ಹಳದಿ ಬೋರ್ಡ್, ತಿಂಗಳಿಗೆ 3,000 ಕಿ.ಮೀ. ನನಗೆಷ್ಟು ಉಳೀತದ?

ವಿಮಾ ಸರ್ವೇಯರ್: ಏನೂ ಇಲ್ಲಣ್ಣ. ನಿಮ್ಮ ಎರಡು ತಿಂಗಳ ಓಟ ಮೇಡಮ್ಮೋರ ವರ್ಷದ್ದಕ್ಕಿಂತ ಜಾಸ್ತಿ.

ಶಿಕ್ಷಕಿ, ಕಲಬುರಗಿ: ಮೊಬೈಲ್ ಆ್ಯಪ್ ಇಟ್ಕೊಂಡು ನಾ ಬಸ್ಸಿನಾಗ ಬೀದರ್‌ಗೆ ಹೋದ್ರ ಅದನ್ನೂ ಎಣಸ್ತದೇನ್ರಿ?

ವಿಮಾ ಸರ್ವೇಯರ್: ಆ್ಯಪ್ ಒಂದೊಂದು ತರ ಇರ್ತಾವ. ಇದನ್ನ ಏಜೆಂಟರ ಬಾಯಿಮಾತಿಗೆ ಬಿಡಬ್ಯಾಡ್ರಿ, ಕಂಪನಿಗೆ ಇಮೇಲ್ ಹಾಕಿ ಉತ್ತರ ತರಿಸ್ಕೊಳ್ರಿ. ಬಂದ್ರ ಇಲ್ಲಿ ಹಾಕ್ರಿ, ನನಗೂ ಬೇಕಾಗ್ಯದ.