ಪದಚರ್ಚೆ: ಗ್ರಾಹಕರ ಉತ್ತರಗಳಲ್ಲಿ ‘ತಡ’ ಎಂದರೆ ಯಾವ ತಡ?

ಪ್ರಶ್ನೆ: ನೀರಿನ ಫಿಲ್ಟರ್ ಸರ್ವಿಸ್ ಮುಗಿದ ಮೇಲೆ ಗ್ರಾಹಕರಿಗೆ ಕೊಡುವ ಚಿಕ್ಕ ಫಾರಂ ಮಾಡಿದ್ದೇವೆ. ಕೊನೆಯಲ್ಲಿ ‘ನಿಮ್ಮ ಅನಿಸಿಕೆ’ ಎಂದು ಎರಡು ಸಾಲು ಖಾಲಿ ಬಿಟ್ಟಿದ್ದೆವು. ನಲವತ್ತು ಉತ್ತರ ಬಂದಿವೆ, ಲಗತ್ತಿಸಿದ್ದೇನೆ. ತಡವಾಯಿತೆಂಬ ದೂರು ಎಷ್ಟು ಉತ್ತರಗಳಲ್ಲಿದೆ ಎಂದು ಎಣಿಸಲು ಕೆಳಗಿನ ಸೂತ್ರ ಹಾಕಿದರೆ 11 ಬಂತು.

```
=COUNTIF(C2:C41,"*ತಡ*")
```

ಪದೇ ಪದೇ ಬರುವ ಈ ದೂರಿಗೆ ‘ತಡ’ ಎಂಬ ಹೆಸರು ಸಾಕೇ?

ಉತ್ತರ: ‘ವಿಳಂಬ’ ಎಂದಿಡಿ. ಒಂದು ದೂರಿಗೆ ಒಂದೇ ಹೆಸರು ಇರಬೇಕು, ಇಲ್ಲದಿದ್ದರೆ ಎಣಿಕೆ ಕೆಡುತ್ತದೆ.

ಉತ್ತರ: ‘ಅನಿಸಿಕೆ’ಗಿಂತ ‘ಹಿಮ್ಮಾಹಿತಿ’ ಸರಿಯಲ್ಲವೇ?

ಉತ್ತರ: ಕೇಳಿದ್ದು ಆ ಪದದ ಬಗ್ಗೆ ಅಲ್ಲ ಸರ್. ಗ್ರಾಹಕರಿಗಂತೂ ‘ಅನಿಸಿಕೆ’ಯೇ ಸಲೀಸು.

ಒಂದೇ ಹೆಸರು ಬೇಕೆಂಬುದು ನಿಜ. ಆದರೆ ‘ತಡ’ವನ್ನು ‘ವಿಳಂಬ’ ಮಾಡಿದರೆ ಒಳಗಿನ ಗೊಂದಲ ಹಾಗೇ ಉಳಿಯುತ್ತದೆ. ಲಗತ್ತನ್ನು ಸಾಲು ಸಾಲಾಗಿ ಓದಿದೆ. ಆ 11ರಲ್ಲಿ ಎರಡು ‘ನೀರಿನ ಒತ್ತಡ ಈಗ ಚೆನ್ನಾಗಿದೆ’ ಎಂಬಂಥವು. ‘ಒತ್ತಡ’ದೊಳಗಿನ ‘ತಡ’ವನ್ನೂ ಸೂತ್ರ ಹಿಡಿದಿದೆ. ಇನ್ನೊಂದು ‘ಸ್ವಲ್ಪವೂ ತಡವಾಗಲಿಲ್ಲ’, ಅದು ಮೆಚ್ಚುಗೆ. ಉಳಿದದ್ದು 8. ಅತ್ತ ‘ಲೇಟು’, ‘ಕಾದು ಕಾದು ಸಾಕಾಯಿತು’ ಎಂದು ಬರೆದ 5 ಉತ್ತರ ಎಣಿಕೆಗೇ ಬಂದಿಲ್ಲ. ಒಟ್ಟು 13.

ಈ 13ರಲ್ಲಿ ಹೇಳಿದ ಹೊತ್ತಿಗೆ ಬರಲಿಲ್ಲ ಎಂಬವು 7, ಸ್ಪೇರ್ ಬರುವವರೆಗೆ ಕಾದೆವು ಎಂಬವು 4, ಬಿಲ್ಲಿಗೆ ಕಾದೆವು ಎಂಬವು 2. ಮೊದಲನೆಯದು ಹುಡುಗರ ಓಡಾಟದ ಲೆಕ್ಕ, ಎರಡನೆಯದು ದಾಸ್ತಾನಿನದು, ಮೂರನೆಯದು ಕೌಂಟರಿನದು. ಸರಿಪಡಿಸುವವರೇ ಬೇರೆ ಬೇರೆ. ಹಾಗಾಗಿ ‘ಬರಲು ತಡ’, ‘ಸ್ಪೇರ್ ತಡ’, ‘ಬಿಲ್ ತಡ’ ಎಂದು ಮೂರು ಹೆಸರಿಡಿ. ಮೊದಲ ಇಪ್ಪತ್ತು ಉತ್ತರ ಕಣ್ಣಿಂದಲೇ ಓದಿ ಹೆಸರು ಗೊತ್ತುಮಾಡಿಕೊಂಡು, ಆಮೇಲೆ ಎಲ್ಲಕ್ಕೂ ಹಚ್ಚಿ. ಒಂದು ಉತ್ತರದಲ್ಲಿ ಎರಡು ದೂರಿದ್ದರೆ ಎರಡೂ ಹೆಸರು ಹಾಕಿ. ಹತ್ತು ಉತ್ತರಗಳನ್ನು ಇನ್ನೊಬ್ಬರಿಗೆ ಕೊಟ್ಟು, ನಿಮ್ಮದನ್ನು ತೋರಿಸದೆ ಹೆಸರು ಹಾಕಿಸಿ. ಎಲ್ಲಿ ಹೊಂದಲಿಲ್ಲವೋ ಆ ಹೆಸರು ಮಸುಕಾಗಿದೆ ಎಂದರ್ಥ.

‘ಪದೇ ಪದೇ’ ಎಂಬುದೂ ಎರಡರ್ಥದ ಮಾತು. ‘ಬರಲು ತಡ’ದ 7 ಉತ್ತರಗಳಲ್ಲಿ ಮೂರು ಒಂದೇ ಗ್ರಾಹಕರವು, ಅಂದರೆ ದೂರಿದವರು ಐದೇ ಮಂದಿ. ಒಬ್ಬರೇ ಮತ್ತೆ ಕೊಟ್ಟದ್ದನ್ನು ‘ಮರುದೂರು’ ಎಂದೂ ಹಲವರು ಕೊಟ್ಟದ್ದನ್ನು ‘ಹಲವರ ದೂರು’ ಎಂದೂ ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಮರುದೂರು ಸಣ್ಣದೆಂದಲ್ಲ, ಆ ಮನೆಯ ಕೆಲಸ ಇನ್ನೂ ಮುಗಿದಿಲ್ಲವೆಂಬ ಸುಳಿವು ಅದು.

ಉತ್ತರ: ನಮ್ಮ ಫಾರಂನಲ್ಲಿ ‘ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ’ ಎಂದಿತ್ತು. ‘ಪರವಾಗಿಲ್ಲ’ಕ್ಕೆ ಗುರುತು ಹಾಕಿದವರಲ್ಲಿ ಕೆಲವರು ಮೆಚ್ಚಿದವರು, ಕೆಲವರು ಬೇಸರವನ್ನು ನುಂಗಿಕೊಂಡವರು. ಈಗ ಅದನ್ನು ತೆಗೆದು ‘ಹೇಳಿದ ಹೊತ್ತಿಗೆ ಬಂದರೇ? ಹೌದು / ಇಲ್ಲ’ ಎಂದಷ್ಟೇ ಕೇಳುತ್ತೇವೆ.

ಪ್ರಶ್ನೆ ಕೇಳಿದವರು: ಮೂರು ಹೆಸರೂ ಒಪ್ಪಿತು. ಒಂದು ಉತ್ತರ ಮಾತ್ರ ಎಲ್ಲೂ ಕೂರುತ್ತಿಲ್ಲ: ‘ಹತ್ತಕ್ಕೆ ಅಂದು ಎಂಟಕ್ಕೇ ಬಂದರು, ಮನೆಯಲ್ಲಿ ಯಾರೂ ಇರಲಿಲ್ಲ’. ತಡವಲ್ಲ, ಹೇಳಿದ ಹೊತ್ತೂ ಅಲ್ಲ. ‘ಹೊತ್ತು ತಪ್ಪಿದ್ದು’ ಎಂದು ನಾಲ್ಕನೆಯ ಹೆಸರಿಡಲೇ, ಅಥವಾ ‘ಬರಲು ತಡ’ವನ್ನೇ ಹಾಗೆ ಬದಲಾಯಿಸಲೇ?