ಅಪ್‌ಡೇಟ್: ಹಳೆಯ 4:3 ದೃಶ್ಯ ಅಗಲ ಪರದೆಗೆ ಹೊಂದಿಕೊಂಡಿತು

ನನ್ನ ಪ್ರಶ್ನೆ: "ಹಳೆಯ ಟೇಪಿನ ದೃಶ್ಯವನ್ನು 1920×1080 ಟೈಮ್‌ಲೈನಿನಲ್ಲಿ ಎಳೆಯದೆ, ಕಪ್ಪು ಪಟ್ಟಿಯೂ ಬಾರದಂತೆ ಕೂರಿಸುವುದು ಹೇಗೆ?"

ನೀವು ಸೂಚಿಸಿದಂತೆ ಒಂದೇ ಕ್ಲಿಪ್ಪಿನ ಎರಡು ಪ್ರತಿಗಳನ್ನು ಒಂದರ ಮೇಲೊಂದು ಇಟ್ಟೆ. ಮೇಲಿನದು 1440×1080 ಅಳತೆಯಲ್ಲಿ ಪೂರ್ತಿಯಾಗಿ ಕಾಣುತ್ತದೆ; ಕೆಳಗಿನದನ್ನು ಅನುಪಾತ ಕೆಡದಂತೆ 1920 ಅಗಲಕ್ಕೆ ಹಿಗ್ಗಿಸಿ, ಮಸುಕುಗೊಳಿಸಿ, ಹೊಳಪನ್ನು ಅರ್ಧಕ್ಕಿಳಿಸಿದ್ದರಿಂದ ಎರಡೂ ಬದಿಯ 240 ಪಿಕ್ಸೆಲ್ ಜಾಗ ತುಂಬಿತು. ಮಸುಕು ಕಡಿಮೆಯಿದ್ದಾಗ ಅಂಚಿನಲ್ಲಿ ನಡೆದಾಡುವವರ ಕೈಕಾಲುಗಳು ಹಿನ್ನೆಲೆಯಲ್ಲಿಯೂ ಕಂಡು ಕಣ್ಣನ್ನು ಅತ್ತ ಸೆಳೆಯುತ್ತಿದ್ದವು. ಆಕಾರಗಳು ಕರಗಿ ಬಣ್ಣವಷ್ಟೇ ಉಳಿಯುವವರೆಗೆ ಅದನ್ನು ಹೆಚ್ಚಿಸಲೇಬೇಕು.

ಈ ಅಳತೆ ಸರಿಯಾಗಿ ಕೂರುವ ಮೊದಲು ಚಿತ್ರದ ಅಗಲ ಕಡಿಮೆಯಾಗಿ, ದೃಶ್ಯದಲ್ಲಿನ ಸೈಕಲ್ ಚಕ್ರ ತುಸು ಉದ್ದವಾಗಿ ಕಾಣುತ್ತಿತ್ತು. 720×576 ಕ್ಲಿಪ್ಪಿನ ಪಿಕ್ಸೆಲ್‌ಗಳನ್ನು ಸಾಫ್ಟ್‌ವೇರ್ ಚೌಕವೆಂದು ಓದಿದ್ದೇ ಅದಕ್ಕೆ ಕಾರಣ. ಕ್ಲಿಪ್ಪಿನ ಪಿಕ್ಸೆಲ್ ಅನುಪಾತವನ್ನು ಪಾಲ್ 4:3ಕ್ಕೆ ಬದಲಿಸಿದೊಡನೆ ಚಕ್ರ ಗುಂಡಗಾಯಿತು.